ನಿಮಗಿದು ಗೊತ್ತೇ? 25% ಲಾಭ 8% ಆಗುವ ದಾರಿ

ಈ ಸಲದ ಅಂಕಣಕ್ಕೆ ಒಂದೇ ಲೆಕ್ಕ. ₹2.5 ಲಕ್ಷ ಬಂಡವಾಳ, ಅದರಲ್ಲಿ ತಲಾ ₹50,000ದ ಐದು ಪಾಲು. ಷೇರು ಕೊಂಡು ಸುಮಾರು ಹತ್ತು ವಹಿವಾಟಿನ ದಿನ ಇಟ್ಟುಕೊಂಡು ಮಾರುವ ಸ್ವಿಂಗ್ ಟ್ರೇಡಿಂಗ್. ವರ್ಷಕ್ಕೆ 120 ಟ್ರೇಡ್. ನೂರಕ್ಕೆ 45 ಗೆಲ್ಲುತ್ತವೆ, ಗೆದ್ದರೆ 6% ಲಾಭ. ಸೋತರೆ 3% ನಷ್ಟ. ಅಂದರೆ 54 ಗೆಲುವಿನಿಂದ ₹1,62,000 ಬಂತು, 66 ಸೋಲಿನಲ್ಲಿ ₹99,000 ಹೋಯಿತು, ಉಳಿದದ್ದು ₹63,000. ಹಳೆಯ ಬೆಲೆಗಳ ಮೇಲೆ ಓಡಿಸಿದ ಬ್ಯಾಕ್‌ಟೆಸ್ಟ್ ಇದನ್ನು 25.2% ಎಂದು ತೋರಿಸುತ್ತದೆ. ಈ ಸಂಖ್ಯೆಗಳು ಉದಾಹರಣೆಗೆ ಹಾಕಿಕೊಂಡವು. ಶುಲ್ಕ ಮತ್ತು ತೆರಿಗೆಯ ದರಗಳು ಮಾತ್ರ ಭಾರತದ ಷೇರುಪೇಟೆಯಲ್ಲಿ 2024ರ ಅಕ್ಟೋಬರ್ ನಂತರ ನಡೆಯುತ್ತಿರುವ ನಿಜವಾದ ದರಗಳು. ಈ ₹63,000ದಲ್ಲಿ ಕೈಗೆ ಬರುವುದೆಷ್ಟು ಎಂದು ಒಂದೊಂದೇ ಹೆಜ್ಜೆ ಇಟ್ಟು ನೋಡೋಣ.

ಬ್ರೋಕರೇಜ್ ಸೊನ್ನೆ ಇದ್ದರೂ ಪ್ರತಿ ಟ್ರೇಡ್‌ಗೆ ₹128 ಹೋಗುತ್ತದೆ, ಗೊತ್ತೇ?

ಷೇರನ್ನು ಡಿಮ್ಯಾಟ್ ಖಾತೆಗೆ ತೆಗೆದುಕೊಂಡು ಮಾರುವ ಡೆಲಿವರಿ ವಹಿವಾಟಿಗೆ ಬ್ರೋಕರೇಜ್ ಇಲ್ಲ ಎಂದು ಹಲವು ಡಿಸ್ಕೌಂಟ್ ಬ್ರೋಕರ್‌ಗಳು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ದೊಡ್ಡ ಖರ್ಚು ಬ್ರೋಕರೇಜ್ ಅಲ್ಲವೇ ಅಲ್ಲ, ಎಸ್‌ಟಿಟಿ. ಷೇರು ವಹಿವಾಟು ತೆರಿಗೆ ಎಂಬ ಇದು 2004ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಡೆಲಿವರಿಯಲ್ಲಿ ಕೊಳ್ಳುವಾಗ 0.1%, ಮಾರುವಾಗ ಮತ್ತೆ 0.1%. ₹50,000ಕ್ಕೆ ಕೊಂಡು ಹೆಚ್ಚುಕಡಿಮೆ ಅಷ್ಟಕ್ಕೇ ಮಾರಿದರೂ ₹100 ಇದೊಂದಕ್ಕೇ ಹೋಯಿತು. ಅದೇ ದಿನ ಕೊಂಡು ಅದೇ ದಿನ ಮಾರುವವರಿಗೆ ಮಾರಾಟದ ಮೇಲೆ ಮಾತ್ರ 0.025%. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಬ್ಯಾಕ್‌ಟೆಸ್ಟ್ ಮಾದರಿಗಳು ಈ ದಿನದೊಳಗಿನ ದರವನ್ನೇ ಸ್ವಿಂಗ್ ಟ್ರೇಡ್‌ಗೂ ಹಾಕಿಬಿಡುತ್ತವೆ. ಎಂಟರಲ್ಲೊಂದು ಭಾಗ ಮಾತ್ರ ಲೆಕ್ಕಕ್ಕೆ ಬಂದ ಹಾಗಾಯಿತು.

ಉಳಿದವು ಸಣ್ಣವು. ಕೊಳ್ಳುವಾಗ 0.015% ಮುದ್ರಾಂಕ ಶುಲ್ಕ. ಎರಡೂ ಕಡೆ ಸುಮಾರು 0.003% ವಿನಿಮಯ ಕೇಂದ್ರದ ಶುಲ್ಕ. ಕೋಟಿ ರೂಪಾಯಿಗೆ ₹10ರಂತೆ ಸೆಬಿ ಶುಲ್ಕ. ಬ್ರೋಕರೇಜ್, ವಿನಿಮಯ ಕೇಂದ್ರದ ಶುಲ್ಕ, ಸೆಬಿ ಶುಲ್ಕ ಈ ಮೂರರ ಮೇಲೆ 18% ಜಿಎಸ್‌ಟಿ. ಇವೆಲ್ಲ ಸೇರಿ ನಮ್ಮ ಟ್ರೇಡ್‌ಗೆ ₹11 ಆಸುಪಾಸು. ಅದರ ಮೇಲೆ ಡಿಪಿ ಶುಲ್ಕ ಸುಮಾರು ₹16. ಒಟ್ಟು ₹128, ವರ್ಷದ 120 ಟ್ರೇಡ್‌ಗೆ ₹15,300.

ಮುದ್ರಾಂಕ ಶುಲ್ಕ ಮೊದಲು ರಾಜ್ಯಕ್ಕೊಂದಿತ್ತು. ಕರ್ನಾಟಕದವರಿಗೆ ಒಂದು ದರ, ಮಹಾರಾಷ್ಟ್ರದವರಿಗೆ ಇನ್ನೊಂದು. ದೇಶಕ್ಕೆಲ್ಲ ಒಂದೇ ದರ ಬಂದದ್ದು 2020ರ ಜುಲೈ 1ರಂದು.

ಡಿಪಿ ಶುಲ್ಕಕ್ಕೆ ಶೇಕಡಾವಾರು ಲೆಕ್ಕವೇ ಇಲ್ಲ, ಗೊತ್ತೇ?

ಮಾರುವ ದಿನ, ಒಂದು ಕಂಪನಿಯ ಷೇರಿಗೆ ಒಂದು ಸಲ ಎಂದು ಇದನ್ನು ಹಾಕುತ್ತಾರೆ. ಒಂದು ಷೇರು ಮಾರಿದರೂ ಅಷ್ಟೇ, ಸಾವಿರ ಮಾರಿದರೂ ಅಷ್ಟೇ. ಮೊತ್ತ ಬ್ರೋಕರ್‌ನಿಂದ ಬ್ರೋಕರ್‌ಗೆ ಒಂದಿಷ್ಟು ಬದಲಾಗುತ್ತದೆ. ₹50,000ದ ಟ್ರೇಡ್‌ನಲ್ಲಿ ₹16 ಎಂದರೆ 0.03%, ಲೆಕ್ಕಕ್ಕೇ ಇಲ್ಲ. ಅದೇ ₹5,000ದ ಟ್ರೇಡ್‌ನಲ್ಲಿ 0.32%, ಎರಡೂ ಕಡೆಯ ಎಸ್‌ಟಿಟಿ ಸೇರಿಸಿದರೂ ಇದೇ ಹೆಚ್ಚು. ಹಾಗಾಗಿ ಸಣ್ಣ ಬಂಡವಾಳವನ್ನು ಇಪ್ಪತ್ತು ಚೂರು ಮಾಡಿ ಹಂಚುವ ತಂತ್ರವನ್ನು ಶೇಕಡಾವಾರು ಖರ್ಚಿನಲ್ಲಿ ಪರೀಕ್ಷಿಸಬಾರದು, ರೂಪಾಯಿಯಲ್ಲೇ ಪರೀಕ್ಷಿಸಬೇಕು. ಇನ್ನೊಂದು ವಿಷಯ: ಒಂದೇ ದಿನ ಮೂರು ಸಲ ಸ್ವಲ್ಪ ಸ್ವಲ್ಪ ಮಾರಿದರೆ ಶುಲ್ಕ ಒಂದೇ ಸಲ, ಮೂರು ದಿನ ಮಾರಿದರೆ ಮೂರು ಸಲ. ಲಾಭವನ್ನು ಕಂತಿನಲ್ಲಿ ತೆಗೆಯುವ ತಂತ್ರ ಇದ್ದರೆ ಮಾದರಿಯಲ್ಲೂ ಹಾಗೇ ಬರೆಯಿರಿ.

0.3% ಬ್ರೋಕರೇಜ್ ಒಂದೇ ಸಾಕು, ಈ ತಂತ್ರ ಮುಳುಗುತ್ತದೆ. ಸಲಹೆ, ಶಾಖೆ ಎಲ್ಲ ಇರುವ ಬ್ರೋಕರ್‌ಗಳಲ್ಲಿ ಇಂಥ ದರ ಅಪರೂಪವಲ್ಲ. ಎರಡೂ ಕಡೆ 0.3% ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿದರೆ ಟ್ರೇಡ್‌ಗೆ ₹356, ವರ್ಷಕ್ಕೆ ₹42,700. ನಮ್ಮ ₹63,000ದಲ್ಲಿ ಮೂರನೇ ಎರಡು ಭಾಗ ಅಲ್ಲಿಗೇ ಹೋಯಿತು. ಆರ್ಡರ್‌ಗೆ ₹20 ಎಂಬ ದರವಾದರೆ ವರ್ಷಕ್ಕೆ ₹5,660. ಮುಂದಿನ ಲೆಕ್ಕದಲ್ಲಿ ಬ್ರೋಕರೇಜ್ ಸೊನ್ನೆ ಎಂದೇ ಇಟ್ಟುಕೊಳ್ಳುತ್ತೇನೆ, ಅಂದರೆ ಓದುಗರಿಗೆ ಆದಷ್ಟೂ ಅನುಕೂಲವಾಗುವಂತೆ.

ಪರದೆಯ ಮೇಲೆ ಕಾಣುವ ಬೆಲೆ ನಿಮ್ಮ ಬೆಲೆಯಲ್ಲ, ಗೊತ್ತೇ?

₹500 ಎಂದು ಕಂಡರೆ ಅದು ಕೊನೆಯದಾಗಿ ಯಾರೋ ಇಬ್ಬರ ನಡುವೆ ನಡೆದ ವ್ಯವಹಾರ. ನಿಮಗೆ ಸಿಗುವ ಬೆಲೆಯನ್ನು ಈ ಕ್ಷಣ ಸಾಲಿನಲ್ಲಿ ನಿಂತಿರುವ ಮಾರಾಟಗಾರರು ಹೇಳುತ್ತಾರೆ. ಕೊಳ್ಳುವವರಲ್ಲಿ ಹೆಚ್ಚು ಕೊಡುವವನು ₹499.60 ಎನ್ನುತ್ತಿದ್ದಾನೆ ಎಂದುಕೊಳ್ಳಿ. ಮಾರುವವರಲ್ಲಿ ಮೊದಲನೆಯವನ ಹತ್ತಿರ 40 ಷೇರು, ಬೆಲೆ ₹500.20. ಎರಡನೆಯವನ ಹತ್ತಿರ 60, ಬೆಲೆ ₹500.60. ಮೂರನೆಯವನ ಹತ್ತಿರ 100, ಬೆಲೆ ₹501.20. ನೀವು ಮಾರ್ಕೆಟ್ ಆರ್ಡರ್ ಹಾಕಿ 100 ಷೇರು ಕೊಂಡರೆ ಮೊದಲ ಇಬ್ಬರದು ಮುಗಿಯುತ್ತದೆ, ಸರಾಸರಿ ₹500.44. ಎರಡೂ ಕಡೆಯ ಉತ್ತಮ ಬೆಲೆಗಳ ನಡುಬೆಲೆ ₹499.90. ಅದಕ್ಕಿಂತ 0.11% ಹೆಚ್ಚು ಕೊಟ್ಟಿರಿ. 200 ಷೇರು ಕೊಂಡಿದ್ದರೆ ಸರಾಸರಿ ₹500.82, ಅಂದರೆ 0.18%. ಷೇರು ಅದೇ, ಕ್ಷಣ ಅದೇ, ಆದರೂ ದರ ಬೇರೆ.

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಈ ಅಂತರಕ್ಕೆ ಇಂಪ್ಯಾಕ್ಟ್ ಕಾಸ್ಟ್ ಎನ್ನುತ್ತದೆ. ನಿಫ್ಟಿ 50ಕ್ಕೆ ಸೇರಬೇಕಾದ ಕಂಪನಿಗೆ ಇದೂ ಒಂದು ಪರೀಕ್ಷೆ: ₹10 ಕೋಟಿಯ ಬುಟ್ಟಿಗೆ, ಆರು ತಿಂಗಳ ಗಮನಿಕೆಗಳಲ್ಲಿ 90% ಸಲ, ಇದು 0.50% ಮೀರಬಾರದು. ದೇಶದ ಅತಿ ಚುರುಕಾದ ಷೇರುಗಳಿಗೇ ಇಂಥ ಮಿತಿ ಬೇಕಾಗಿದೆ ಎಂದಮೇಲೆ ಸಣ್ಣ ಕಂಪನಿಗಳ ಷೇರಿನಲ್ಲಿ ಸ್ಲಿಪ್ಪೇಜ್ ಸೊನ್ನೆ ಎಂದು ಬರೆಯಲು ಯಾವ ಆಧಾರವೂ ಇಲ್ಲ. ದೊಡ್ಡ ಆರ್ಡರ್‌ಗಳ ಅಧ್ಯಯನಗಳಲ್ಲಿ ಪದೇ ಪದೇ ಕಂಡಿರುವ ಒಂದು ಅಂದಾಜೂ ಇದೆ: ಆರ್ಡರ್ ನಾಲ್ಕುಪಟ್ಟಾದರೆ ಬೆಲೆಯ ಮೇಲಿನ ಪರಿಣಾಮ ಸುಮಾರು ಎರಡುಪಟ್ಟಾಗುತ್ತದೆ. ₹2.5 ಲಕ್ಷದಲ್ಲಿ ನಡೆದ ತಂತ್ರ ₹1 ಕೋಟಿಯಲ್ಲೂ ಅದೇ ಶೇಕಡಾವಾರು ಕೊಡುತ್ತದೆ ಎಂದು ನಂಬಬಾರದು.

ನಮ್ಮ ಉದಾಹರಣೆಗೆ ಪ್ರತಿ ಕಡೆ 0.15% ಸ್ಲಿಪ್ಪೇಜ್ ಹಾಕೋಣ. ಮಧ್ಯಮ ಗಾತ್ರದ ಕಂಪನಿಗೆ ಇದು ನನ್ನ ದೃಷ್ಟಿಯಲ್ಲಿ ಅತಿಯಲ್ಲ. ಟ್ರೇಡ್‌ಗೆ ₹151, ವರ್ಷಕ್ಕೆ ₹18,100. ಗಮನಿಸಿ, ಎಲ್ಲ ಶುಲ್ಕಗಳ ಒಟ್ಟು ಮೊತ್ತಕ್ಕಿಂತ ಇದು ಹೆಚ್ಚು, ಆದರೆ ಯಾವ ಕಾಂಟ್ರ್ಯಾಕ್ಟ್ ನೋಟ್‌ನಲ್ಲೂ ಇದಕ್ಕೆ ಪ್ರತ್ಯೇಕ ಸಾಲಿಲ್ಲ.

ದಿನದ ಮುಕ್ತಾಯ ಬೆಲೆ ಎಂಬುದು ಕೊನೆಯ ವ್ಯವಹಾರದ ಬೆಲೆಯಲ್ಲ, ಗೊತ್ತೇ?

ಎನ್‌ಎಸ್‌ಇಯ ಹಳೆಯ ದತ್ತಾಂಶದಲ್ಲಿ ನೀವು ಕಾಣುವ ಮುಕ್ತಾಯ ಬೆಲೆ, 3 ಗಂಟೆಯಿಂದ 3:30ರ ತನಕ ನಡೆದ ವ್ಯವಹಾರಗಳ ಸರಾಸರಿ. ಹೆಚ್ಚು ಷೇರು ಕೈಬದಲಾದ ಬೆಲೆಗೆ ಹೆಚ್ಚು ತೂಕ. ಅಂದರೆ 3:30 ಆಗುವ ತನಕ ಆ ಬೆಲೆ ಹುಟ್ಟುವುದೇ ಇಲ್ಲ. ‘ಮುಕ್ತಾಯ ಬೆಲೆ 20 ದಿನಗಳ ಗರಿಷ್ಠ ಮೀರಿದರೆ ಅದೇ ಬೆಲೆಗೆ ಕೊಳ್ಳು’ ಎಂದು ಬರೆದ ಮಾದರಿ, ಪೇಟೆ ಮುಚ್ಚಿದ ಮೇಲೆ ಗೊತ್ತಾಗುವ ಸಂಗತಿಯನ್ನು ಮುಚ್ಚುವ ಮೊದಲೇ ಬಳಸುತ್ತಿದೆ. ಬೆಲೆ ಮೇಲೇರುವಾಗ ಕೊಳ್ಳುವ ತಂತ್ರಗಳಿಗೆ ಈ ತಪ್ಪು ಸಾಮಾನ್ಯವಾಗಿ ಲಾಭದ ಕಡೆಗೇ ವಾಲುತ್ತದೆ, ಏಕೆಂದರೆ ಅಂಥ ಷೇರು ಮರುದಿನ ಬೆಳಿಗ್ಗೆ ಮೇಲಿನ ಬೆಲೆಯಲ್ಲೇ ತೆರೆಯುವುದು ಹೆಚ್ಚು.

ಸರಿಯಾದ ದಾರಿ: ಇಂದು ಸೂಚನೆ, ನಾಳೆ ಆರಂಭದ ಬೆಲೆಗೆ ಖರೀದಿ. ಇಲ್ಲೂ ಒಂದು ಸೂಕ್ಷ್ಮ ಇದೆ. ಆರಂಭದ ಬೆಲೆ 9 ಗಂಟೆಗೆ ಶುರುವಾಗುವ ಪೂರ್ವಾರಂಭ ಹರಾಜಿನಲ್ಲಿ ತೀರ್ಮಾನವಾಗುತ್ತದೆ. ಅದಕ್ಕೆ ಆರ್ಡರ್ ತೆಗೆದುಕೊಳ್ಳುವುದು 9:08ರೊಳಗೆ ನಿಲ್ಲುತ್ತದೆ. ಆ ಹರಾಜಿನಲ್ಲಿ ಆರ್ಡರ್ ಇಟ್ಟು ಅದು ಪೂರ್ತಿಯಾದವರಿಗೆ ಆರಂಭದ ಬೆಲೆಯೇ ಸಿಗುತ್ತದೆ. 9:15ಕ್ಕೆ ಪೇಟೆ ತೆರೆದ ಮೇಲೆ ಗುಂಡಿ ಒತ್ತುವವರಿಗೆ ಸಿಗುವುದು ಬೇರೆ ಬೆಲೆ, ಆ ಮೊದಲ ನಿಮಿಷಗಳಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರವೂ ಅಗಲ. ನೀವು ನಿಜವಾಗಿ ಎಷ್ಟು ಹೊತ್ತಿಗೆ ಆರ್ಡರ್ ಹಾಕುತ್ತೀರೋ ಮಾದರಿಯಲ್ಲೂ ಅಷ್ಟು ಹೊತ್ತಿನ ಬೆಲೆಯೇ ಇರಬೇಕು.

ಸ್ಟಾಪ್‌ಲಾಸ್ 3% ಎಂದರೆ ನಷ್ಟ 3% ಎಂದಲ್ಲ.

₹500ಕ್ಕೆ ಕೊಂಡ ಷೇರಿಗೆ ₹485ರಲ್ಲಿ ಸ್ಟಾಪ್‌ಲಾಸ್. ಸಂಜೆ ಕಂಪನಿಯ ತ್ರೈಮಾಸಿಕ ಫಲಿತಾಂಶ ಕೆಟ್ಟದಾಗಿ ಬಂತು, ಬೆಳಿಗ್ಗೆ ಷೇರು ₹470ಕ್ಕೆ ತೆರೆಯಿತು. ನಡುವೆ ₹485 ಎಂಬ ಬೆಲೆಯೇ ಇರಲಿಲ್ಲ. ಕೈಗೆ ಸಿಗುವುದು ₹470 ಅಥವಾ ಅದಕ್ಕೂ ಕಡಿಮೆ. ಆದರೆ ದಿನದ ಕನಿಷ್ಠ ಬೆಲೆ ₹485ಕ್ಕಿಂತ ಕೆಳಗಿದೆಯೇ ಎಂದು ಮಾತ್ರ ನೋಡುವ ಬ್ಯಾಕ್‌ಟೆಸ್ಟ್, ₹485ಕ್ಕೆ ಮಾರಾಟವಾಯಿತು ಎಂದು ಬರೆದುಕೊಳ್ಳುತ್ತದೆ. ರಾತ್ರಿ ದಾಟಿಸಿ ಷೇರು ಇಟ್ಟುಕೊಳ್ಳುವ ಸ್ವಿಂಗ್ ಟ್ರೇಡಿಂಗ್‌ನಲ್ಲಿ ಅತಿ ದುಬಾರಿಯಾದ ತಪ್ಪು ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ನಿಯಮ ಸರಳ: ಆರಂಭದ ಬೆಲೆ ಸ್ಟಾಪ್‌ಗಿಂತ ಕೆಳಗಿದ್ದರೆ ಆರಂಭದ ಬೆಲೆಗೇ ಮಾರಿದಂತೆ ಬರೆಯಬೇಕು, ಇಲ್ಲವಾದರೆ ಸ್ಟಾಪ್ ಬೆಲೆಗೆ, ಎರಡರಲ್ಲೂ ಸ್ಲಿಪ್ಪೇಜ್ ಕಳೆಯಬೇಕು. ನಮ್ಮ 66 ಸೋಲುಗಳಲ್ಲಿ ಆರು ಸಲ ಹೀಗೆ ಇನ್ನೂ 3% ಕುಸಿದರೆ ₹9,000 ಹೆಚ್ಚುವರಿ ನಷ್ಟ.

ದಿನದ ಇಳಿಕೆಗೆ 5% ಮಿತಿ ಇರುವ ಷೇರುಗಳಲ್ಲಿ ಇದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಲೋಯರ್ ಸರ್ಕ್ಯೂಟ್ ಬಿದ್ದ ದಿನ ಕೊಳ್ಳುವವರೇ ಇರುವುದಿಲ್ಲ. ದಿನದ ಗರಿಷ್ಠ, ಕನಿಷ್ಠ ಎರಡೂ ಒಂದೇ ಆಗಿ, ಅದು ಕೆಳಮಿತಿಯಲ್ಲೇ ಇದ್ದರೆ ಆ ದಿನ ಮಾರಾಟ ಆಗಲಿಲ್ಲ ಎಂದೇ ಮಾದರಿ ತಿಳಿಯಬೇಕು.

ಲಿಮಿಟ್ ಆರ್ಡರ್ ಹಾಕಿದರೆ ಸ್ಲಿಪ್ಪೇಜ್ ಇಲ್ಲವೇ? ಬೆಲೆಯಲ್ಲಿ ಇಲ್ಲ, ಆದರೆ ತಪ್ಪಿಹೋದ ಟ್ರೇಡ್‌ಗಳಲ್ಲಿ ಇದೆ. ₹498ಕ್ಕೆ ಕೊಳ್ಳಲು ಕಾದು ನಿಂತರೆ, ಕೆಳಗಿಳಿಯುವ ಷೇರುಗಳು ತಪ್ಪದೆ ನಿಮ್ಮ ಕೈಗೆ ಬರುತ್ತವೆ. ನೇರವಾಗಿ ಮೇಲೇರಿದವು ಸಿಗದೆ ಹೋಗುತ್ತವೆ. ದಿನದ ಕನಿಷ್ಠ ಬೆಲೆ ಸರಿಯಾಗಿ ₹498 ಇದ್ದರೂ ಸಾಲಿನಲ್ಲಿ ನಿಮಗಿಂತ ಮುಂದೆ ನಿಂತವರಿಗೆ ಮೊದಲು ಸಿಗುತ್ತದೆ. ಹಾಗಾಗಿ ಕನಿಷ್ಠ ಬೆಲೆ ನಿಮ್ಮ ಲಿಮಿಟ್ ಅನ್ನು ಮುಟ್ಟಿದರೆ ಸಾಲದು, ಅದರ ಕೆಳಗೆ ಇಳಿದಿದ್ದರೆ ಮಾತ್ರ ಖರೀದಿ ಆಯಿತು ಎಂದು ಬರೆಯಿರಿ.

ನಷ್ಟವಾದ ವರ್ಷದಲ್ಲೂ ಆದಾಯ ತೆರಿಗೆ ಕಟ್ಟಬೇಕಾಗಬಹುದು, ಗೊತ್ತೇ?

ಪಟ್ಟಿಯಾದ ಷೇರನ್ನು 12 ತಿಂಗಳು ಮೀರದೆ ಮಾರಿದರೆ ಬರುವುದು ಅಲ್ಪಾವಧಿ ಬಂಡವಾಳ ಲಾಭ. ಅದರ ತೆರಿಗೆ 15% ಇದ್ದದ್ದು 2024ರ ಜುಲೈ 23ರಿಂದ 20% ಆಯಿತು. 4% ಸೆಸ್ ಸೇರಿ 20.8%. ದೀರ್ಘಾವಧಿ ಲಾಭಕ್ಕಿರುವ ₹1.25 ಲಕ್ಷದ ವಿನಾಯಿತಿ ಇದಕ್ಕಿಲ್ಲ. ಈ ಲಾಭ ಲೆಕ್ಕ ಹಾಕುವಾಗ ಬ್ರೋಕರೇಜ್ ಕಳೆಯಬಹುದು, ಆದರೆ ಎಸ್‌ಟಿಟಿಯನ್ನು ಕಳೆಯುವಂತಿಲ್ಲ. ಜೇಬಿನಿಂದ ಹೋದ ಹಣವೇ ಆದರೂ ತೆರಿಗೆಯ ಲೆಕ್ಕದಲ್ಲಿ ಅದು ಇನ್ನೂ ನಿಮ್ಮ ಲಾಭ.

ನಮ್ಮ ಉದಾಹರಣೆಗೆ ಬರೋಣ. ₹63,000ದಲ್ಲಿ ಶುಲ್ಕ ₹15,300, ಸ್ಲಿಪ್ಪೇಜ್ ₹18,100 ಕಳೆದರೆ ಉಳಿದದ್ದು ₹29,600. ಆದರೆ ವರ್ಷದ ಎಸ್‌ಟಿಟಿ ಸುಮಾರು ₹12,060 ಮತ್ತೆ ಸೇರಿಕೊಂಡು ತೆರಿಗೆಗೆ ಒಳಪಡುವ ಲಾಭ ₹41,660 ಆಗುತ್ತದೆ. ತೆರಿಗೆ ₹8,665. ನಿಜವಾದ ಲಾಭದ ಮೇಲೆ ನೋಡಿದರೆ 20.8% ಅಲ್ಲ, 29% ತೆರಿಗೆ. ಕೈಗೆ ಉಳಿದದ್ದು ₹20,935, ಅಂದರೆ ಬಂಡವಾಳದ 8.4%. ಶೀರ್ಷಿಕೆಯ 8% ಇದೇ. ಮೇಲೆ ಹೇಳಿದ ಆರು ಗ್ಯಾಪ್ ಕುಸಿತಗಳನ್ನೂ ಸೇರಿಸಿದರೆ 5.5%.

ಈಗ ಸ್ಲಿಪ್ಪೇಜ್ ಒಂದನ್ನು ಮಾತ್ರ 0.15%ರಿಂದ 0.40%ಕ್ಕೆ ಏರಿಸಿ ನೋಡಿ. ಶುಲ್ಕವೆಲ್ಲ ಕಳೆದ ಮೇಲೆ ₹550ರಷ್ಟು ನಷ್ಟ. ಆದರೂ ಎಸ್‌ಟಿಟಿ ಸೇರಿಸಿದ ಲೆಕ್ಕದಲ್ಲಿ ₹11,500 ಲಾಭವಿದೆ, ಅದಕ್ಕೆ ₹2,400ರಷ್ಟು ತೆರಿಗೆ. ಟ್ರೇಡ್‌ಗೆ ಸಿಗುವ ಸರಾಸರಿ ಲಾಭ ಕಡಿಮೆಯಾಗಿ ಟ್ರೇಡ್‌ಗಳ ಸಂಖ್ಯೆ ಹೆಚ್ಚಾದಷ್ಟೂ ಈ ಪರಿಣಾಮ ತೀವ್ರ. ಪದೇ ಪದೇ ವಹಿವಾಟು ಮಾಡುವವರ ಗಳಿಕೆ ವ್ಯಾಪಾರದ ಆದಾಯ ಎಂದು ಪರಿಗಣನೆಯಾದರೆ ಎಸ್‌ಟಿಟಿಯನ್ನು ಖರ್ಚಾಗಿ ಕಳೆಯಬಹುದು, ಆದರೆ ಆಗ ತೆರಿಗೆ ನಿಮ್ಮ ಆದಾಯದ ಸ್ಲ್ಯಾಬ್ ದರದಲ್ಲಿ. ಯಾವುದು ಅನ್ವಯಿಸುತ್ತದೆ ಎಂದು ನಿಮ್ಮ ಲೆಕ್ಕ ಪರಿಶೋಧಕರೊಡನೆ ಮಾತಾಡಿ, ಮಾದರಿಯಲ್ಲಿ ಅದೊಂದನ್ನೇ ಇಟ್ಟುಕೊಳ್ಳಿ.

ಮಾದರಿ ಬರೆಯುವಾಗ ಪ್ರತಿ ಟ್ರೇಡ್‌ಗೆ ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿ ಹೊತ್ತೊಯ್ಯಬೇಕಾದದ್ದು ಇದಕ್ಕೇ. ಕೆಳಗಿನ ಪೈಥಾನ್ ಸಾಲುಗಳಲ್ಲಿ `taxable` ತೆರಿಗೆಯವರು ನೋಡುವ ಲಾಭ, ಎರಡನೆಯದು ತೆರಿಗೆಗೆ ಮುನ್ನ ಕೈಯಲ್ಲಿರುವ ಲಾಭ:

```python
def round_trip(buy, sell, slip_b=0.0015, slip_s=0.0015, brk=0, dp=16):
    b, s = buy * (1 + slip_b), sell * (1 - slip_s)
    stt = 0.001 * (b + s)
    exch = (0.0000297 + 0.000001) * (b + s)
    gst = 0.18 * (exch + brk)
    other = 0.00015 * b + exch + gst + brk + dp
    taxable = s - b - other
    return taxable, taxable - stt
```

`buy`, `sell` ಎಂದರೆ ಒಂದು ಷೇರಿನ ಬೆಲೆಯಲ್ಲ, ಟ್ರೇಡ್‌ನ ಒಟ್ಟು ಮೊತ್ತ. `brk` ಎರಡೂ ಕಡೆಯ ಬ್ರೋಕರೇಜ್ ಸೇರಿ. `dp`ಯಲ್ಲಿ ಜಿಎಸ್‌ಟಿ ಸೇರಿದೆ.

ತೆರಿಗೆಯನ್ನು ಟ್ರೇಡ್‌ಗೊಂದು ಸಲ ಕಳೆಯಬಾರದು. ಗೆದ್ದ ಪ್ರತಿ ಟ್ರೇಡ್‌ನಿಂದ 20.8% ತೆಗೆದರೆ ಸೋತವುಗಳ ಹೊಂದಾಣಿಕೆ ಬಿಟ್ಟುಹೋಗುತ್ತದೆ, ಒಳ್ಳೆಯ ತಂತ್ರವೂ ಕೆಟ್ಟದಾಗಿ ಕಾಣುತ್ತದೆ. ಏಪ್ರಿಲ್ 1ರಿಂದ ಮಾರ್ಚ್ 31ರ ತನಕ `taxable` ಎಲ್ಲ ಕೂಡಿಸಿ, ಒಟ್ಟು ಧನಾತ್ಮಕವಾಗಿದ್ದರೆ ಮಾತ್ರ ತೆರಿಗೆ. ಒಟ್ಟು ನಷ್ಟವಾದರೆ ಅದನ್ನು ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ದು ಮುಂದಿನ ಲಾಭದಿಂದ ಕಳೆಯಬಹುದು. ಅದಕ್ಕೆ ಆ ವರ್ಷದ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿರಬೇಕು. ಇನ್ನೊಂದು ತುದಿಯ ತಪ್ಪು, ಹತ್ತು ವರ್ಷದ ಬ್ಯಾಕ್‌ಟೆಸ್ಟ್‌ನ ಕೊನೆಯಲ್ಲಿ ಒಂದೇ ಸಲ ತೆರಿಗೆ ಕಳೆಯುವುದು. ಪ್ರತಿ ವರ್ಷ ಖಾತೆಯಿಂದ ಹೊರಗೆ ಹೋಗುವ ಹಣ ಮುಂದಿನ ವರ್ಷ ಬಂಡವಾಳವಾಗಿ ಬೆಳೆಯುವುದಿಲ್ಲ.

ಹಳೆಯ ವರ್ಷಗಳಿಗೆ ಹಳೆಯ ದರವೇ? ಪ್ರಶ್ನೆಯ ಮೇಲೆ ಹೋಗುತ್ತದೆ. 2019ರಲ್ಲಿ ಒಬ್ಬರು ನಿಜವಾಗಿ ಎಷ್ಟು ಗಳಿಸಿರಬಹುದಿತ್ತು ಎಂದು ತಿಳಿಯಬೇಕಾದರೆ ಆಗಿನ 15% ದರ, ಆಗಿನ ಮುದ್ರಾಂಕ ಶುಲ್ಕ ಬೇಕು. ನಾಳೆ ನಾನು ಈ ತಂತ್ರಕ್ಕೆ ಹಣ ಹಾಕಬೇಕೇ ಎಂಬುದು ಪ್ರಶ್ನೆಯಾದರೆ ಹತ್ತೂ ವರ್ಷಕ್ಕೆ ಇಂದಿನ ದರವನ್ನೇ ಹಾಕಿ. ಹೆಚ್ಚಿನವರ ಪ್ರಶ್ನೆ ಎರಡನೆಯದು.

ನಿಮ್ಮ ಸ್ಲಿಪ್ಪೇಜ್ ಎಷ್ಟೆಂದು ನಿಮ್ಮ ಕಾಂಟ್ರ್ಯಾಕ್ಟ್ ನೋಟ್‌ನಿಂದಲೇ ಅಳೆಯಬಹುದು, ಗೊತ್ತೇ?

ಒಂದು ಹಾಳೆಯಲ್ಲಿ ನಾಲ್ಕು ಕಾಲಂ: ಮಾದರಿ ಊಹಿಸಿದ ಬೆಲೆ, ನಿಜವಾಗಿ ಸಿಕ್ಕ ಸರಾಸರಿ ಬೆಲೆ, ಕೊಂಡದ್ದೋ ಮಾರಿದ್ದೋ, ಮಾರಿದ್ದಾದರೆ ಗುರಿ ಮುಟ್ಟಿ ಮಾರಿದ್ದೋ ಸ್ಟಾಪ್‌ಲಾಸ್ ಬಿದ್ದದ್ದೋ. ಕೊಳ್ಳುವಾಗ ಹೆಚ್ಚು ಕೊಟ್ಟಿದ್ದು, ಮಾರುವಾಗ ಕಡಿಮೆ ಪಡೆದದ್ದು, ಎರಡನ್ನೂ ಧನಾತ್ಮಕ ಸ್ಲಿಪ್ಪೇಜ್ ಎಂದು ಶೇಕಡಾವಾರಿನಲ್ಲಿ ಬರೆಯಿರಿ. ಸಣ್ಣ ಮೊತ್ತದಲ್ಲಿ ನಲವತ್ತು ಐವತ್ತು ಟ್ರೇಡ್ ಆದಮೇಲೆ ಕೊನೆಯ ಕಾಲಂ ಪ್ರಕಾರ ವಿಂಗಡಿಸಿ ಸರಾಸರಿ ತೆಗೆಯಿರಿ. ಗುರಿ ಮುಟ್ಟಿ ಮಾರುವಾಗ ಸ್ಲಿಪ್ಪೇಜ್ ಕಡಿಮೆ, ಏಕೆಂದರೆ ಏರುವ ಷೇರಿಗೆ ಕೊಳ್ಳುವವರು ಇದ್ದಾರೆ. ಸ್ಟಾಪ್‌ಲಾಸ್‌ನಲ್ಲಿ ಹೆಚ್ಚು, ಏಕೆಂದರೆ ಎಲ್ಲರೂ ಒಟ್ಟಿಗೆ ಮಾರುತ್ತಿರುತ್ತಾರೆ. ಹೀಗೆ ಸಿಕ್ಕ ಸಂಖ್ಯೆಗಳನ್ನು ಮಾದರಿಯ 0.0015ರ ಜಾಗಕ್ಕೆ ಪ್ರತ್ಯೇಕವಾಗಿ ಹಾಕಿ ಬ್ಯಾಕ್‌ಟೆಸ್ಟ್ ಮತ್ತೆ ಓಡಿಸಿ, ಆಮೇಲೆ ಅವುಗಳನ್ನು ಎರಡುಪಟ್ಟು ಮಾಡಿ ಇನ್ನೊಮ್ಮೆ ಓಡಿಸಿ. ನಮ್ಮ ಉದಾಹರಣೆಯ ತಂತ್ರದಲ್ಲಿ 0.15% ಇದ್ದದ್ದು 0.30% ಆದರೆ ತೆರಿಗೆಯ ನಂತರ ಉಳಿಯುವುದು ಬಂಡವಾಳದ 3%ಕ್ಕಿಂತಲೂ ಕಡಿಮೆ.